ಅಡ್ಡ ಬಿದ್ದ ಪಾಲುಪಟ್ಟಿಯನ್ನು ನೆಟ್ಟಗೆ ಮಾಡಿದ್ದು

ನಮ್ಮ ಅಜ್ಜನ ಕಾಲದ ಪಾಲುಪಟ್ಟಿ 1951ರದ್ದು. ಆಗ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹಾಗಾಗಿ ಈ ದಸ್ತಾವೇಜು ಪೂರ್ತಿ ಕನ್ನಡದಲ್ಲಿದೆ, ಅದೂ ಶಾಯಿಯ ಕೈಬರಹದಲ್ಲಿ. ಈಗ ತೋಟದ ಒಂದು ತುಂಡಿನ ದಾಖಲೆ ಸರಿಮಾಡಿಸಬೇಕಿತ್ತು. ವಕೀಲರು ಇದರ ಮಲಯಾಳ ಅನುವಾದ ಕೇಳಿದರು. ಹಳೆಯ ಕನ್ನಡ ದಸ್ತಾವೇಜು ಓದಿ ಮಲಯಾಳಕ್ಕೆ ತರಬಲ್ಲ ನಿವೃತ್ತ ಮಾಷ್ಟ್ರೊಬ್ಬರು ಸಿಕ್ಕಿದರು. ಅವರು ಹೇಳಿದ್ದು ಇಷ್ಟೇ: "ಪಿಡಿಎಫ್ ಮಾಡಿ ಕಳಿಸಿ. ಪುಟ ನೆಟ್ಟಗಿರಲಿ, ಶೀಟು ಕ್ರಮದಲ್ಲಿರಲಿ. ಕತ್ತು ವಾಲಿಸಿ ಓದುವ ಪ್ರಾಯ ನನ್ನದಲ್ಲ."

ಸ್ಕ್ಯಾನ್ ಮಾಡಿದವನು ಅಕ್ಕನ ಮಗ. ಪೆರ್ಲದ ಹತ್ತಿರದ ತರವಾಡು ಮನೆಯಲ್ಲಿ, ದೊಡ್ಡಪ್ಪನ ಎದುರಿಗೇ, ಫೋನಿನ ಸ್ಕ್ಯಾನಿಂಗ್ ಆ್ಯಪ್‌ನಲ್ಲಿ. ಮುಗಿದ ಕೂಡಲೇ ದೊಡ್ಡಪ್ಪ ಮೂಲ ಪ್ರತಿಯನ್ನು ತೆಗೆದುಕೊಂಡು ಹೋಗಿ ಬ್ಯಾಂಕ್ ಲಾಕರಿನಲ್ಲಿಟ್ಟರು. ಇನ್ನೊಮ್ಮೆ ತೆಗೆಸಲು ಅವರಿಗೆ ಮನಸ್ಸಿಲ್ಲ. "ಮಡಿಕೆಯಲ್ಲೇ ಹರಿಯುತ್ತಾ ಬಂದಿದೆ ಮಾರಾಯ, ಸುಮ್ನೆ ಬಿಡಿಸಬೇಡಿ" ಎಂದರು. ಅದು ನಿಜವೂ ಹೌದು. ಆದ್ದರಿಂದ ಕೈಯಲ್ಲಿದ್ದ ಪಿಡಿಎಫನ್ನೇ ಸರಿಮಾಡಬೇಕಾಯಿತು.

ತೆರೆದು ನೋಡಿದರೆ 17 ಪುಟ. ಎಲ್ಲವೂ ಅಡ್ಡ. ಅದರಲ್ಲೂ ಮೊದಲ ಅರ್ಧದಲ್ಲಿ ಅಕ್ಷರಗಳ ತಲೆ ಎಡಕ್ಕೆ, ಉಳಿದ ಅರ್ಧದಲ್ಲಿ ಬಲಕ್ಕೆ. ಪುಟಗಳ ಕ್ರಮ ಕೇಳುವುದೇ ಬೇಡ. ಕೆಲವು ಪುಟಗಳ ಅಂಚಿನಲ್ಲಿ ಕೆಳಗೆ ಹಾಸಿದ ಬಟ್ಟೆ, ಒಂದರಲ್ಲಿ ಹೆಬ್ಬೆರಳು, ಇನ್ನೊಂದರಲ್ಲಿ ಪಕ್ಕದಲ್ಲಿಟ್ಟಿದ್ದ ಬೇರೊಂದು ಪುಸ್ತಕ.

ಅಡ್ಡ ಬಂದದ್ದು ಹುಡುಗನ ಕೈಚಳಕದಿಂದಲ್ಲ. ಯಾವ ಕಡೆ ಮೇಲು ಎಂದು ಫೋನಿಗೆ ಗೊತ್ತಾಗುವುದು ಗುರುತ್ವದ ಎಳೆತದಿಂದ. ಫೋನನ್ನು ನಿಲ್ಲಿಸಿ ಹಿಡಿದರೆ ಆ ಎಳೆತ ಅದರ ಯಾವುದಾದರೂ ಒಂದು ಅಂಚಿನ ಕಡೆ ಇರುತ್ತದೆ. ಒಳಗಿನ ಸೆನ್ಸರ್ ಅದನ್ನು ನೋಡಿ ನೆಟ್ಟಗೋ ಅಡ್ಡವೋ ಎಂದು ತೀರ್ಮಾನಿಸುತ್ತದೆ. ಆದರೆ ಮೇಜಿನ ಮೇಲಿನ ಕಾಗದದ ಚಿತ್ರ ತೆಗೆಯುವಾಗ ಫೋನು ನೆಲಕ್ಕೆ ಸಮನಾಗಿ ಮಲಗಿರುತ್ತದೆ. ಎಳೆತ ಪರದೆಯಿಂದ ಬೆನ್ನಿನ ಕಡೆಗೆ ನೇರ ಇಳಿಯುತ್ತದೆ, ಯಾವ ಅಂಚಿಗೂ ವಾಲುವುದಿಲ್ಲ. ಆಗ ಫೋನು ಹಿಂದಿನ ತೀರ್ಮಾನವನ್ನೇ ಹಿಡಿದುಕೊಂಡು ಕೂರುತ್ತದೆ. ಇಲ್ಲವೇ ಕೈ ಸ್ವಲ್ಪ ವಾಲಿದರೂ ಮನಸ್ಸು ಬದಲಾಯಿಸುತ್ತದೆ. ಜೊತೆಗೆ ನಮ್ಮ ಛಾಪಾ ಕಾಗದ ಎ4ಗಿಂತ ಉದ್ದ. ಅದನ್ನು ಮೇಜಿನ ಉದ್ದಕ್ಕೆ ಇಟ್ಟು ಪಕ್ಕದಲ್ಲಿ ನಿಂತು ತೆಗೆದರೆ ಇನ್ನೇನಾಗುತ್ತದೆ?

ಮೊದಲು ಅಳಿಯನೇ ಒಂದು ಪ್ರಯತ್ನ ಮಾಡಿದ್ದ. ಪೇಟೆಯ ಡಿಟಿಪಿ ಅಂಗಡಿಗೆ ಹೋಗಿ ತಿರುಗಿಸಿಕೊಡಲು ಹೇಳಿದ್ದ. ಅಲ್ಲಿಯವರು ಬ್ರೌಸರಿನಲ್ಲಿ ತೆರೆದು, ಮೇಲಿನ ಸುತ್ತುಬಾಣದ ಗುಂಡಿ ಒತ್ತಿದರು. ಪುಟ ನೆಟ್ಟಗಾಯಿತು. ಪ್ರಿಂಟೂ ನೆಟ್ಟಗೇ ಬಂತು. ಅದೇ ಫೈಲನ್ನು ಮಾಷ್ಟ್ರಿಗೆ ಕಳಿಸಿದ. ಅವರು ತೆರೆದರೆ ಮತ್ತೆ ಅಡ್ಡ! "ಇಲ್ಲಿ ಸರಿ ಇದೆಯಲ್ಲ ಮಾವಾ, ಅವರ ಫೋನಿನದ್ದೇ ಏನೋ ಸಮಸ್ಯೆ" ಎಂದ.

ಅವರ ಫೋನು ಸರಿಯಾಗಿಯೇ ಇತ್ತು. ಪಿಡಿಎಫ್ ತಿರುಗಿಸುವುದರಲ್ಲಿ ಎರಡು ಬಗೆ ಇದೆ. ಒಂದು, ನೋಟವನ್ನು ತಿರುಗಿಸುವುದು. ತೆರೆದಿರುವಷ್ಟು ಹೊತ್ತು ಆ ಪರದೆಯಲ್ಲಿ ಮಾತ್ರ ನೆಟ್ಟಗೆ ಕಾಣುತ್ತದೆ, ಫೈಲಿನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಇನ್ನೊಂದು, ಪುಟವನ್ನೇ ತಿರುಗಿಸುವುದು. ಪಿಡಿಎಫಿನ ಪ್ರತಿ ಪುಟಕ್ಕೂ `/Rotate` ಎಂಬ ಒಂದು ಗುರುತು ಇರಬಹುದು. ಅದರಲ್ಲಿ 0, 90, 180, 270 ಇವಿಷ್ಟರಲ್ಲಿ ಒಂದು ಸಂಖ್ಯೆ. ತೆರೆಯುವ ಆ್ಯಪ್ ಯಾವುದೇ ಇರಲಿ, ಅದು ಈ ಸಂಖ್ಯೆ ನೋಡಿ ಪುಟವನ್ನು ಅಷ್ಟು ಡಿಗ್ರಿ ಬಲಕ್ಕೆ ತಿರುಗಿಸಿ ತೋರಿಸುತ್ತದೆ. ಚಿತ್ರ ಇದ್ದಲ್ಲೇ ಇರುತ್ತದೆ, ಮತ್ತೊಮ್ಮೆ ಕುಗ್ಗಿಸುವ ಪ್ರಶ್ನೆ ಇಲ್ಲ. ಆದ್ದರಿಂದ ಎಷ್ಟು ಸಲ ತಿರುಗಿಸಿದರೂ ಅಕ್ಷರ ಮಸುಕಾಗುವುದಿಲ್ಲ. ಯಾವ ಬಗೆಯಲ್ಲಿ ತಿರುಗಿದೆ ಎಂದು ತಿಳಿಯಲು ಸುಲಭದ ದಾರಿ ಇದೆ. ಫೈಲನ್ನು ಸೇವ್ ಮಾಡಿ, ಮುಚ್ಚಿ, ಬೇರೆ ಫೋನಿಗೆ ಕಳಿಸಿ ತೆರೆಯಿರಿ. ಅಲ್ಲಿಯೂ ನೆಟ್ಟಗಿದ್ದರೆ ಪುಟವೇ ತಿರುಗಿದೆ ಎಂದರ್ಥ.

ನಾನು ಬಳಸಿದ್ದು `PDF Arranger` ಎಂಬ ಉಚಿತ ತಂತ್ರಾಂಶ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಇಂಟರ್ನೆಟ್ಟಿಗೆ ಫೈಲು ಏರಿಸುವ ತಾಣಗಳೂ ಬೇಕಾದಷ್ಟಿವೆ. ಆದರೆ ಆಸ್ತಿಯ ದಸ್ತಾವೇಜು, ಅದರಲ್ಲೂ ಮನೆಯವರೆಲ್ಲರ ಸಹಿ, ಹೆಬ್ಬೆಟ್ಟು ಇರುವಂಥದ್ದನ್ನು ಗುರುತಿಲ್ಲದ ಕಡೆ ಏರಿಸಲು ನನಗೆ ಮನಸ್ಸು ಬರಲಿಲ್ಲ. ಇದರಲ್ಲಿ ಎಲ್ಲ ಪುಟಗಳೂ ಸಣ್ಣ ಸಣ್ಣ ಚಿತ್ರಗಳಾಗಿ ಸಾಲಾಗಿ ಕಾಣುತ್ತವೆ. ಬೇಕಾದ್ದನ್ನು ಆರಿಸಿ ತಿರುಗಿಸಬಹುದು, ಎಳೆದು ಜಾಗ ಬದಲಿಸಬಹುದು, ಅಳಿಸಬಹುದು, ಅಂಚು ಕತ್ತರಿಸಬಹುದು.

ಕೆಲಸದ ಕ್ರಮವನ್ನು ಮೊದಲೇ ನಿರ್ಧರಿಸಿಕೊಂಡೆ. ಮೊದಲು ತಿರುಗಿಸುವುದು, ಆಮೇಲೆ ಜೋಡಿಸುವುದು, ಕತ್ತರಿಸುವುದು ಎಲ್ಲದಕ್ಕೂ ಕೊನೆಗೆ. ತಿರುಗಿಸುವುದು ಯಾಕೆ ಮೊದಲು ಎಂದರೆ, ಒಂದೇ ಕಡೆ ತಲೆ ಇರುವ ಪುಟಗಳು ಈಗ ಒಟ್ಟೊಟ್ಟಿಗೆ ಇವೆ. ಜೋಡಿಸಿದ ಮೇಲೆ ಒಂದು ಬಿಟ್ಟು ಒಂದರಂತೆ ಚದುರಿಹೋಗುತ್ತವೆ. ಕತ್ತರಿಸುವುದು ಕೊನೆಗೆ ಯಾಕೆ ಎಂದರೆ, ಕತ್ತರಿಸುವ ಗಡಿಯನ್ನು ಪಿಡಿಎಫ್ ತಿರುಗಿಸದ ಮೂಲ ಪುಟದ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಪುಟ ಅಡ್ಡ ಇರುವಾಗಲೇ ಅಂಚಿನ ಅಳತೆ ಹಾಕಲು ಹೋದರೆ ಯಾವುದು ಮೇಲು, ಯಾವುದು ಎಡ ಎಂದು ತಲೆ ತಿರುಗುತ್ತದೆ. ಕಣ್ಣಿಗೆ ನೆಟ್ಟಗೆ ಕಂಡ ಮೇಲೆ ಕತ್ತರಿಸುವುದೇ ವಾಸಿ.

ಈಗ ತಲೆ ಎರಡು ಕಡೆಗೆ ಯಾಕೆ? ಅಳಿಯನನ್ನು ಕೇಳಿದಾಗ ತಿಳಿಯಿತು. ದಸ್ತಾವೇಜಿನಲ್ಲಿ 8 ಶೀಟು, ಎರಡೂ ಬದಿಯಲ್ಲಿ ಬರಹ. ಅವನು ಮೊದಲು ಎಲ್ಲ ಶೀಟುಗಳ ಮುಂಬದಿ ತೆಗೆದ. ಒಂದು ತೆಗೆದಾದ ಮೇಲೆ ಕವುಚಿ ಇಡುತ್ತಾ ಹೋದ. ಕೊನೆಗೆ ಆ ಕವುಚಿದ ಅಟ್ಟಿಯನ್ನು ಮೇಲಿನಿಂದ ಹಾಗೆಯೇ ತೆಗೆದುಕೊಂಡು ಹಿಂಬದಿಗಳನ್ನು ಸ್ಕ್ಯಾನ್ ಮಾಡಿದ. ಹಾಗಾಗಿ ಹಿಂಬದಿಗಳು ಎಂಟನೆಯ ಶೀಟಿನಿಂದ ಒಂದನೆಯದಕ್ಕೆ ಉಲ್ಟಾ ಕ್ರಮದಲ್ಲಿ ಬಂದವು. ಶೀಟನ್ನು ಪುಸ್ತಕದ ಹಾಳೆಯಂತೆ ಮಗುಚದೆ ಮೇಲಿನಿಂದ ಕೆಳಕ್ಕೆ ಮಗುಚಿದ್ದರಿಂದ ತಲೆಯೂ ಆಚೆ ಬದಿಗೆ ಹೋಯಿತು. ಐದನೆಯ ಶೀಟು ಒಮ್ಮೆ ಕೈ ನಡುಗಿ ಮಸುಕಾಗಿ, ಎರಡನೇ ಸಲ ತೆಗೆದದ್ದು. 16ರ ಬದಲು 17 ಪುಟ ಆದದ್ದು ಅದಕ್ಕೆ.

ಅಂದರೆ ಫೈಲಿನ 1ರಿಂದ 9ನೆಯ ಪುಟದವರೆಗೆ ಮುಂಬದಿಗಳು, ತಲೆ ಎಡಕ್ಕೆ. ಅವನ್ನು ಬಲಕ್ಕೆ ಒಂದು ಸುತ್ತು, ಅಂದರೆ 90 ಡಿಗ್ರಿ, ತಿರುಗಿಸಬೇಕು. 10ರಿಂದ 17 ಹಿಂಬದಿಗಳು, ತಲೆ ಬಲಕ್ಕೆ. ಅವನ್ನು ಎಡಕ್ಕೆ ತಿರುಗಿಸಬೇಕು. ಮೊದಲ ಪುಟ ಆರಿಸಿ, ಶಿಫ್ಟ್ ಒತ್ತಿಕೊಂಡು ಒಂಬತ್ತನೆಯದನ್ನು ಆರಿಸಿದರೆ ನಡುವಿನದೆಲ್ಲ ಸೇರುತ್ತದೆ. ಬಲಕ್ಕೆ ತಿರುಗಿಸುವ ಗುಂಡಿ ಒಂದು ಸಲ. ಉಳಿದವಕ್ಕೆ ಎಡಕ್ಕೆ ಒಂದು ಸಲ.

ಸಣ್ಣ ಚಿತ್ರದಲ್ಲಿ 1951ರ ಕೈಬರಹ ಓದಲು ಸಾಧ್ಯವೇ ಇಲ್ಲ. ಆದರೆ ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ಎಂದು ತಿಳಿಯಲು ಓದಬೇಕಿಲ್ಲ. ಕನ್ನಡದಲ್ಲಿ ತಲೆಕಟ್ಟು ಮೇಲೆ, ಒತ್ತಕ್ಷರ ಕೆಳಗೆ. ಸಾಲಿನ ಮೇಲಂಚು ಒಂದೇ ಸಮ ಓಡುತ್ತಾ, ಬಾಲಗಳು ಕೆಳಗೆ ಜೋತಿದ್ದರೆ ಪುಟ ಸರಿ ಇದೆ. ಬಾಲಗಳು ಮೇಲೆದ್ದು ನಿಂತಿದ್ದರೆ ಇನ್ನೆರಡು ಸುತ್ತು ಬೇಕು. ಹಿಂಬದಿಯಲ್ಲಿ ನಾಲ್ಕೇ ಸಾಲು ಬರಹ ಮತ್ತು ದುಂಡು ಮೊಹರು ಮಾತ್ರ ಇದ್ದ ಶೀಟುಗಳಲ್ಲಿ ಇದೇ ಉಪಾಯ ಕೆಲಸಕ್ಕೆ ಬಂತು.

ಒಂದು ಪುಟ ಮಾತ್ರ ಮಾತು ಕೇಳಲಿಲ್ಲ. ಉಳಿದ ಮುಂಬದಿಗಳೆಲ್ಲ ನೆಟ್ಟಗಾದವು, ಒಂಬತ್ತನೆಯ ಪುಟ ಅಡ್ಡ ಮಲಗಿತು. ಅದು ಕೊನೆಯ ಶೀಟು, ತಪಶೀಲು. ಸರ್ವೆ ನಂಬ್ರ, ಎಕ್ರೆ, ಸೆಂಟ್ಸು, ತೀರ್ವೆ ಎಂದು ಕಲಮುಗಳು ಜಾಸ್ತಿ ಇದ್ದುದರಿಂದ ಬರೆದವರು ಕಾಗದವನ್ನೇ ಅಡ್ಡ ಇಟ್ಟು ಪಟ್ಟಿ ಎಳೆದಿದ್ದರು. ಅಡ್ಡ ಸ್ಕ್ಯಾನಿನಲ್ಲಿ ಅದೊಂದು ಮಾತ್ರ ನೆಟ್ಟಗೆ ಬಂದಿತ್ತು, ನಾನು ಸಾಲಾಗಿ ಆರಿಸಿದಾಗ ಅದೂ ತಿರುಗಿತು. ಅದನ್ನು ಮತ್ತೆ ಎಡಕ್ಕೆ ತಂದೆ. ಪಿಡಿಎಫಿನಲ್ಲಿ ಎಲ್ಲ ಪುಟಗಳೂ ಒಂದೇ ಆಕಾರ ಇರಬೇಕೆಂದಿಲ್ಲ. ಉದ್ದ ಪುಟಗಳ ನಡುವೆ ಒಂದು ಅಗಲ ಪುಟ ಇದ್ದರೆ ಏನೂ ತೊಂದರೆ ಇಲ್ಲ. ಓದುವವರಿಗೆ ಯಾವುದು ಸುಲಭವೋ ಅದೇ ನೆಟ್ಟಗೆ. ಇದನ್ನು `nera.pdf` ಎಂದು ಹೊಸ ಹೆಸರಿನಲ್ಲಿ ಉಳಿಸಿದೆ. ಅಳಿಯ ಕಳಿಸಿದ ಮೂಲ ಫೈಲನ್ನು ಮುಟ್ಟಲಿಲ್ಲ.

ಇನ್ನು ಜೋಡಣೆ. ಇಲ್ಲಿ ಮುಂಬದಿ ಒಂದು, ಹಿಂಬದಿ ಒಂದು ಎಂದು ಹೆಣೆಯಬೇಕು. ಕೈಯಿಂದ ಎಳೆದೂ ಮಾಡಬಹುದು. ಆದರೆ ಒಂದು ಪುಟ ಎಳೆದ ಕೂಡಲೇ ಉಳಿದವುಗಳ ಸಂಖ್ಯೆ ಬದಲಾಗುತ್ತದೆ, ಎಲ್ಲಿದ್ದೆವು ಎಂದೇ ಮರೆತುಹೋಗುತ್ತದೆ. ಇಂಥ ಹೆಣಿಗೆಗೆ `qpdf` ಎಂಬ ಆಜ್ಞಾಸಾಲಿನ ಉಪಕರಣ ಬಹಳ ಒಳ್ಳೆಯದು. ಅದೂ ಉಚಿತ. ಎರಡು ಪಟ್ಟಿ ಕೊಟ್ಟರೆ ಇದರಿಂದ ಒಂದು, ಅದರಿಂದ ಒಂದು ಎಂದು ತೆಗೆದು ಜೋಡಿಸುತ್ತದೆ.

ಮುಂಬದಿಗಳ ಪಟ್ಟಿ 1ರಿಂದ 4, ಮಸುಕಾದ 5ನ್ನು ಬಿಟ್ಟು 6ರಿಂದ 9. ಹಿಂಬದಿಗಳ ಪಟ್ಟಿ 17ರಿಂದ 10ಕ್ಕೆ ಉಲ್ಟಾ. ದೊಡ್ಡ ಸಂಖ್ಯೆಯನ್ನು ಮೊದಲು ಬರೆದರೆ ಅದು ಉಲ್ಟಾ ಕ್ರಮದಲ್ಲೇ ಎಣಿಸುತ್ತದೆ.

```
qpdf --collate nera.pdf --pages . 1-4,6-9 . 17-10 -- sari.pdf
```

ಇಲ್ಲಿನ ಚುಕ್ಕಿ ಎಂದರೆ ಅದೇ ಫೈಲು ಎಂದು. ಮೊದಲ ಚುಕ್ಕಿಯ ಮುಂದೆ ಮುಂಬದಿಗಳು, ಎರಡನೆಯದರ ಮುಂದೆ ಹಿಂಬದಿಗಳು. ಎರಡೂ ಪಟ್ಟಿಯಲ್ಲಿ ಎಂಟೆಂಟು ಪುಟ ಇವೆಯೇ ಎಂದು ಮೊದಲೇ ಎಣಿಸಿಕೊಳ್ಳಬೇಕು. ಒಂದರಲ್ಲಿ ಕಡಿಮೆ ಇದ್ದರೂ ಅದು ಬೇಡ ಎನ್ನುವುದಿಲ್ಲ, ಉಳಿದದ್ದನ್ನು ಕೊನೆಗೆ ಸೇರಿಸಿಬಿಡುತ್ತದೆ. ಮಸುಕಾದ ಪುಟವನ್ನು ಬಿಡದೇ ಹೋಗಿದ್ದರೆ ಐದನೆಯ ಶೀಟಿನಿಂದ ಮುಂದೆ ಎಲ್ಲ ಮುಂಬದಿಗಳಿಗೂ ಬೇರೆ ಶೀಟಿನ ಹಿಂಬದಿ ಅಂಟಿಕೊಳ್ಳುತ್ತಿತ್ತು. ಮೇಲಿಂದ ಮೇಲೆ ನೋಡಿದರೆ ಅದು ಗೊತ್ತೇ ಆಗುವುದಿಲ್ಲ.

ಆದ್ದರಿಂದ ಓದಿ ನೋಡಲೇಬೇಕು. ಹಳೆಯ ದಸ್ತಾವೇಜಿನಲ್ಲಿ ಅದಕ್ಕೆ ಎರಡು ಆಧಾರ ಇವೆ. ಒಂದು, ಪ್ರತಿ ಶೀಟಿನ ಹಿಂದೆ ರಿಜಿಸ್ಟ್ರಿ ಕಚೇರಿಯವರು ಬರೆದ ಟಿಪ್ಪಣಿ: ಎಷ್ಟನೇ ನಂಬ್ರದ ದಸ್ತಾವೇಜು, ಒಟ್ಟು ಎಷ್ಟು ಶೀಟು, ಇದು ಎಷ್ಟನೆಯದು. ಇನ್ನೊಂದು, ವಾಕ್ಯ. ಈ ದಸ್ತಾವೇಜುಗಳ ವಾಕ್ಯ ಶೀಟಿನ ಕೊನೆಗೆ ನಿಲ್ಲುವುದಿಲ್ಲ. "ಸದ್ರಿ ಸ್ಥಳದ ಪಡು ಬದಿಗೆ ಇರುವ" ಎಂದು ಒಂದು ಪುಟ ಮುಗಿದರೆ, "ತೋಡಿನ ನೀರಿನ ಹಕ್ಕು ಸಹಿತ" ಎಂದು ಮುಂದಿನದು ಶುರುವಾಗುತ್ತದೆ. ಹೀಗೆ ಪ್ರತಿ ಪುಟದ ಕೊನೆಯ ಸಾಲು, ಮುಂದಿನ ಪುಟದ ಮೊದಲ ಸಾಲು ಕೂಡಿಸಿ ಓದುತ್ತಾ ಹೋದೆ. ಐದನೆಯ ಶೀಟಿನವರೆಗೆ ಚಂದವಾಗಿ ಕೂಡಿತು. ಅಲ್ಲಿಂದ ಆರನೆಯದಕ್ಕೆ ಕೂಡಲಿಲ್ಲ. ಯಾರದೋ ಪಾಲಿನ ಅರ್ಧದಲ್ಲಿ ಇನ್ಯಾರದೋ ಪಾಲು ನುಗ್ಗಿತ್ತು.

ಶೀಟಿನ ಮೇಲಂಚನ್ನು ದೊಡ್ಡದು ಮಾಡಿ ನೋಡಿದೆ. ಸಂಖ್ಯೆಗಳು ಕನ್ನಡದವು. ಆರನೆಯ ಜಾಗದಲ್ಲಿ ಇದ್ದದ್ದು ೭, ಏಳನೆಯ ಜಾಗದಲ್ಲಿ ೬. ಹಳೆಯ ನೂಲು ಕಡಿದು ಶೀಟುಗಳು ಬಿಡಿಯಾಗಿದ್ದವಂತೆ. ಅಳಿಯ ಅವನ್ನು ಜೋಡಿಸಿಯೇ ಸ್ಕ್ಯಾನ್ ಮಾಡಿದ್ದ. ಅವನು ಕಲಿತದ್ದು ಮಲಯಾಳ ಮೀಡಿಯಮ್ಮಿನಲ್ಲಿ, ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ತಡವರಿಸಿ ಓದುತ್ತಾನೆ, ಆದರೆ ಕನ್ನಡ ಅಂಕಿ ಅವನಿಗೆ ಯಾರೂ ಕಲಿಸಿಲ್ಲ. ಕಲಿತವರಿಗೂ ಶಾಯಿ ಹರಡಿದ ೬ ಮತ್ತು ೭ ಮಬ್ಬು ಬೆಳಕಿನಲ್ಲಿ ಒಂದೇ ತರ ಕಾಣುತ್ತವೆ. ಅವನನ್ನು ದೂರುವ ಹಾಗಿಲ್ಲ.

ಈಗ `sari.pdf`ನಲ್ಲಿ 11 ಮತ್ತು 12ನೆಯ ಪುಟಗಳು ಏಳನೆಯ ಶೀಟಿನವು, 13 ಮತ್ತು 14 ಆರನೆಯದರವು. ಇದಕ್ಕೆ ಆಜ್ಞೆ ಬೇಕಿಲ್ಲ. ಮತ್ತೆ `PDF Arranger`ನಲ್ಲಿ ತೆರೆದು 13, 14 ಎರಡನ್ನೂ ಒಟ್ಟಿಗೆ ಆರಿಸಿ 11ಕ್ಕಿಂತ ಮೊದಲು ಬರುವಂತೆ ಎಳೆದರೆ ಸಾಕು. ಶೀಟು ಅದಲುಬದಲಾದಾಗ ಮುಂಬದಿಯ ಜೊತೆ ಅದರ ಹಿಂಬದಿಯನ್ನೂ ಎಳೆಯಬೇಕು, ಅಷ್ಟೇ ನೆನಪಿರಬೇಕಾದ್ದು. ಮತ್ತೆ ಓದಿದೆ. ವಾಕ್ಯ ಕೂಡಿತು.

ಕೊನೆಗೆ ಕತ್ತರಿಸುವ ಕೆಲಸ. ಸಮಯ ಜಾಸ್ತಿ ಹೋದದ್ದು ಇದರಲ್ಲೇ.

ಸ್ಕ್ಯಾನಿಂಗ್ ಆ್ಯಪ್ ಕಾಗದದ ನಾಲ್ಕು ಅಂಚನ್ನು ತಾನೇ ಹುಡುಕಿ ಕತ್ತರಿಸುತ್ತದೆ. ಅದು ಹುಡುಕುವುದು ಕಾಗದಕ್ಕೂ ಹಿನ್ನೆಲೆಗೂ ಇರುವ ಬಣ್ಣದ ವ್ಯತ್ಯಾಸವನ್ನು. ಕರಿ ಮೇಜಿನ ಮೇಲೆ ಮಾಸಲು ಕಾಗದ ಇಟ್ಟರೆ ಅಂಚು ಕರಾರುವಾಕ್ಕಾಗಿ ಸಿಗುತ್ತದೆ. ಇಲ್ಲಿ ದೊಡ್ಡಪ್ಪ ಕಾಗದಕ್ಕೆ ಗೀರು ಬೀಳಬಾರದೆಂದು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಆ್ಯಪ್‌ಗೆ ಅಂಚು ಸಿಗಲಿಲ್ಲ. ಕೆಲವು ಪುಟದಲ್ಲಿ ಬಟ್ಟೆಯನ್ನೂ ಸೇರಿಸಿಕೊಂಡಿತು. ನಾಲ್ಕನೆಯ ಶೀಟಿನಲ್ಲಿ ಬರಹದ ಕಟ್ಟನ್ನೇ ಕಾಗದದ ಅಂಚೆಂದು ತಿಳಿದು ಅದರ ಹೊರಗಿನದೆಲ್ಲ ಕತ್ತರಿಸಿ ಬಿಸಾಡಿತು.

ಬಟ್ಟೆ ಸೇರಿದರೆ ನಷ್ಟವಿಲ್ಲ, ಆಮೇಲೆ ತೆಗೆಯಬಹುದು. ಅಂಚು ಹೋದದ್ದು ದೊಡ್ಡ ನಷ್ಟ. ಯಾಕೆಂದರೆ ದಸ್ತಾವೇಜಿನಲ್ಲಿ ಖಾಲಿ ಅಂಚು ಎಂಬುದಿಲ್ಲ. ನಮ್ಮದರಲ್ಲಿ ಎಡ ಅಂಚಿನಲ್ಲಿ ಪಾಲುದಾರರ ಸಹಿ, ಮೇಲೆ ಶೀಟು ಸಂಖ್ಯೆ, ಕೆಲವು ಕಡೆ ಹೊಡೆದುಹಾಕಿದ ಪದಕ್ಕೆ ಅಂಚಿನಲ್ಲಿ ಒಪ್ಪಿಗೆಯ ಚಿಕ್ಕ ಸಹಿ, ಮೂಲೆಯಲ್ಲಿ ಅರ್ಧ ಮೊಹರು. ನಾಲ್ಕನೆಯ ಶೀಟಿನಲ್ಲಿ ದೊಡ್ಡಜ್ಜಿಯ ಹೆಬ್ಬೆಟ್ಟು ಅರ್ಧಕ್ಕೆ ಕತ್ತರಿಸಿ ಹೋಗಿತ್ತು. ವಕೀಲರು ಅಂಥ ಪ್ರತಿಯನ್ನು ಒಪ್ಪುತ್ತಾರಾ?

ಫೋನಿನಲ್ಲಿ ಹೀಗೆ ಕತ್ತರಿಸಿದ ಭಾಗ ಪಿಡಿಎಫಿನೊಳಗೆ ಇರುವುದಿಲ್ಲ. ಅಲ್ಲಿ ಹುಡುಕಿ ಫಲವಿಲ್ಲ. ಆದರೆ ಹಲವು ಆ್ಯಪ್‌ಗಳು ತೆಗೆದ ಪೂರ್ತಿ ಫೋಟೋವನ್ನು ತಮ್ಮಲ್ಲಿ ಇಟ್ಟುಕೊಂಡಿರುತ್ತವೆ. ಅಳಿಯನಿಗೆ ಫೋನು ಮಾಡಿ, ಆ ಸ್ಕ್ಯಾನನ್ನು ಅಳಿಸಿದ್ದೀಯಾ ಎಂದು ಕೇಳಿದೆ. "ಇಲ್ಲ ಮಾವಾ, ಇದೆ" ಎಂದ. ಅದನ್ನು ತೆರೆದು, ಆ ಒಂದು ಪುಟದ ಕ್ರಾಪ್‌ಗೆ ಹೋಗಿ, ನಾಲ್ಕು ಮೂಲೆಯ ಚುಕ್ಕಿಗಳನ್ನು ಕಾಗದದ ನಿಜವಾದ ಮೂಲೆಗಳಿಗಿಂತ ಕೂದಲೆಳೆಯಷ್ಟು ಹೊರಗೆ ಎಳೆಯಲು ಹೇಳಿದೆ. ಆ ಒಂದೇ ಪುಟವನ್ನು ಬೇರೆ ಪಿಡಿಎಫ್ ಮಾಡಿ ಕಳಿಸಿದ. ಪೂರ್ತಿ ಹೆಬ್ಬೆಟ್ಟು ಬಂತು. ಅದನ್ನು ಫೈಲಿಗೆ ಸೇರಿಸಿ, ಹಳೆಯ ಏಳನೆಯ ಪುಟದ ಜಾಗಕ್ಕೆ ಎಳೆದು, ಹಳೆಯದನ್ನು ಅಳಿಸಿದೆ.

ಮೂಲೆಯ ಚುಕ್ಕಿ ಎಳೆಯುವುದರಲ್ಲಿ ಇನ್ನೊಂದು ಲಾಭ ಇದೆ. ಫೋನು ಓರೆ ಇದ್ದಾಗ ಕಾಗದದ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾಗಿ ಕಾಣುತ್ತದಲ್ಲ, ಆ್ಯಪ್ ಅದನ್ನೂ ಎಳೆದು ಚೌಕ ಮಾಡುತ್ತದೆ. ಪಿಡಿಎಫ್ ಆದ ಮೇಲೆ ಮಾಡುವ ಕ್ರಾಪ್‌ಗೆ ಆ ಶಕ್ತಿ ಇಲ್ಲ. ಅದು ಬರೇ ನೇರ ಆಯತ. ತಿರುಗಿಸುವುದೂ ಹಾಗೆಯೇ, 90ರ ಲೆಕ್ಕದಲ್ಲಿ ಮಾತ್ರ. ಎರಡನೆಯ ಶೀಟು ಎರಡು ಮೂರು ಡಿಗ್ರಿ ವಾಲಿತ್ತು. ಅದನ್ನು ಹಾಗೆಯೇ ಬಿಟ್ಟೆ. ಓದಲು ಏನೂ ಅಡ್ಡಿ ಇರಲಿಲ್ಲ, ಅದಕ್ಕಾಗಿ ಚಿತ್ರವನ್ನೇ ಹೊಸದಾಗಿ ಕಟ್ಟುವುದು ದಂಡ ಎನಿಸಿತು.

ಬಟ್ಟೆ, ಹೆಬ್ಬೆರಳು ಕಾಣುವ ಪುಟಗಳಿಗೆ `PDF Arranger`ನಲ್ಲೇ ಅಂಚು ಕತ್ತರಿಸಿದೆ. ಎಡ, ಬಲ, ಮೇಲೆ, ಕೆಳಗೆ ಎಷ್ಟು ಶೇಕಡಾ ಎಂದು ಕೊಡಬೇಕು. ಪ್ರತಿ ಪುಟದ್ದೂ ಬೇರೆ ಬೇರೆ, ಎಲ್ಲಕ್ಕೂ ಒಂದೇ ಅಳತೆ ಹಾಕಿದರೆ ಯಾವುದಾದರೂ ಒಂದರ ಸಹಿ ಹೋಗುತ್ತದೆ. ಕಾಗದದ ಅಂಚಿನ ಹೊರಗೆ ಚೂರು ಬಟ್ಟೆ ಉಳಿದರೂ ಪರವಾಗಿಲ್ಲ ಎಂದು ಬಿಟ್ಟೆ. ಕಾಗದದ ಅಂಚು ಕಾಣಿಸುವುದೇ ಒಳ್ಳೆಯದು. ಏನೂ ಕತ್ತರಿಸಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಆರನೆಯ ಪುಟ, ಅಂದರೆ ಮೂರನೆಯ ಶೀಟಿನ ಹಿಂಬದಿಯಲ್ಲಿ, ಪಕ್ಕದಲ್ಲಿದ್ದ ಪುಸ್ತಕವನ್ನು ದೊಡ್ಡದು ಮಾಡಿ ನೋಡಿದೆ. ದೊಡ್ಡಪ್ಪನ ಬ್ಯಾಂಕ್ ಪಾಸ್‌ಬುಕ್! ತೆರೆದೇ ಇತ್ತು, ಖಾತೆ ನಂಬ್ರ ಓದಬಹುದಿತ್ತು. ಬಲಗಡೆಯಿಂದ ಅಷ್ಟು ಭಾಗ ಕತ್ತರಿಸಿದೆ. ಪರದೆಯಲ್ಲಿ ಮಾಯವಾಯಿತು. ಸೇವ್ ಮಾಡಿ ಫೈಲಿನ ಗಾತ್ರ ನೋಡಿದರೆ ಹೆಚ್ಚುಕಮ್ಮಿ ಮೊದಲಿನಷ್ಟೇ ಇದೆ.

ಅದೇ ಸುಳಿವು. ಪಿಡಿಎಫಿನ ಕ್ರಾಪ್ ಕತ್ತರಿಸುವುದಿಲ್ಲ, ಮುಚ್ಚುತ್ತದೆ. ಇಷ್ಟು ಭಾಗ ಮಾತ್ರ ತೋರಿಸು ಎಂಬ ಒಂದು ಗಡಿಯನ್ನು ಪುಟಕ್ಕೆ ಬರೆಯುತ್ತದೆ. ಹೊರಗಿನ ಚಿತ್ರ ಫೈಲಿನೊಳಗೆ ಇದ್ದೇ ಇರುತ್ತದೆ. ಉಳಿಸಿದ ಫೈಲನ್ನು ಮತ್ತೆ ತೆರೆದು, ಆ ಗಡಿಯನ್ನು ಹೊರಗೆ ಸರಿಸಿದೆ. ಪಾಸ್‌ಬುಕ್ ವಾಪಸ್ ಬಂತು. ನನಗೆ ಸಾಧ್ಯವಾದದ್ದು ಆ ಫೈಲು ಸಿಕ್ಕಿದ ಯಾರಿಗೂ ಸಾಧ್ಯ. ಬಟ್ಟೆ, ಹೆಬ್ಬೆರಳು ಹೀಗೆ ಮುಚ್ಚಿದ್ದರೆ ಸಾಕು. ಖಾತೆ ನಂಬ್ರಕ್ಕೆ ಸಾಲದು.

ಅದಕ್ಕೆ ಆ ಒಂದು ಪುಟವನ್ನು, ಈಗ ಎಷ್ಟು ಕಾಣುತ್ತದೋ ಅಷ್ಟನ್ನೇ, ಹೊಸ ಚಿತ್ರವಾಗಿ ತೆಗೆದು ಮತ್ತೆ ಪಿಡಿಎಫ್ ಮಾಡಬೇಕು. ಮತ್ತೆ ಕ್ರಾಪ್ ಹಾಕಿ `sari.pdf` ಎಂದು ಉಳಿಸಿ, `pdftoppm`, `img2pdf` ಎಂಬ ಇನ್ನೆರಡು ಆಜ್ಞಾಸಾಲಿನ ಉಪಕರಣಗಳನ್ನೂ ಬಳಸಿ ಹೀಗೆ ಮಾಡಿದೆ:

```
pdftoppm -cropbox -r 200 -f 6 -l 6 -jpeg sari.pdf hala
img2pdf hala-06.jpg -o hala6.pdf
qpdf --empty --pages sari.pdf 1-5 hala6.pdf sari.pdf 7-16 -- kone.pdf
```

ಮೊದಲ ಸಾಲು ಆರನೆಯ ಪುಟದ ಕಾಣುವ ಭಾಗವನ್ನು ಮಾತ್ರ ಚಿತ್ರ ಮಾಡುತ್ತದೆ. ಅದರಲ್ಲಿನ `-cropbox` ಬಿಟ್ಟರೆ ಮುಚ್ಚಿದ್ದೂ ಸೇರಿ ಬಂದುಬಿಡುತ್ತದೆ. 200 ಎಂದರೆ ಇಂಚಿಗೆ 200 ಚುಕ್ಕಿ, ಈ ಬರಹ ಓದಲು ಅಷ್ಟು ಸಾಕಾಯಿತು. ಎರಡನೆಯ ಸಾಲು ಆ ಚಿತ್ರವನ್ನು ಒಂದು ಪುಟದ ಪಿಡಿಎಫ್ ಮಾಡುತ್ತದೆ. ಮೂರನೆಯದು ಹಳೆಯ ಆರನೆಯ ಪುಟವನ್ನು ಬಿಟ್ಟು ಹೊಸದನ್ನು ಆ ಜಾಗಕ್ಕೆ ಕೂರಿಸುತ್ತದೆ. `kone.pdf` ತೆರೆದು ಆ ಪುಟದ ಕ್ರಾಪ್ ನೋಡಿದರೆ ಎಲ್ಲ ಸೊನ್ನೆ, ಬಿಡಿಸಲು ಹೊರಗೆ ಏನೂ ಇಲ್ಲ. ಎಲ್ಲ ಪುಟಗಳಿಗೂ ಹೀಗೇ ಮಾಡಬಹುದಲ್ಲ ಎಂದರೆ ಮಾಡಬಹುದು. ಆದರೆ ಪ್ರತಿ ಸಲ ಜೆಪೆಗ್ ಮಾಡಿದಾಗ ಚಿತ್ರ ಸ್ವಲ್ಪ ಸವೆಯುತ್ತದೆ. ಮೊದಲೇ ಮಾಸಿದ ಶಾಯಿ. ಬೇಕಾದ ಒಂದಕ್ಕೆ ಮಾತ್ರ ಮಾಡಿದೆ.

ಮಾಷ್ಟ್ರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿಯೇ ಕಳಿಸಿದೆ. ಪುಟಗಳ ಸ್ಕ್ರೀನ್‌ಶಾಟ್ ತೆಗೆದು ಫೋಟೋ ಆಗಿ ಕಳಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಕೆಲವರಿಗಿದೆ. ಅಲ್ಲಿ ಚಿತ್ರ ಕುಗ್ಗುತ್ತದೆ, ಕ್ರಮವೂ ಹಾಳು. ಅವರು ಸಂಜೆ ಫೋನು ಮಾಡಿದರು. ಪುಟ ಎಲ್ಲ ಸರಿ ಇದೆ, ಹತ್ತನೆಯ ಪುಟದ ಕೆಳಗಿನ ಒಂದು ಸಾಲು ಮಡಿಕೆಯಲ್ಲಿ ಹೋಗಿದೆ, ಅದು ಪಕ್ಕದ ಸರಕಾರಿ ಜಾಗದ ಕುಮ್ಕಿ ಹಕ್ಕೋ ಬೇರೆ ಏನೋ ಎಂದು ಕೇಳಿದರು. ಅದು ಸ್ಕ್ಯಾನಿನ ತೊಂದರೆಯಲ್ಲ, ಕಾಗದವೇ ಅಲ್ಲಿ ಹರಿದಿದೆ. ದೊಡ್ಡಪ್ಪನಿಗೆ ಬಾಯಿಪಾಠ ಇತ್ತು, ಕುಮ್ಕಿಯೇ ಎಂದರು.

ಅನುವಾದದ ಜೊತೆಗೆ ಹಳೆಯ ತೀರ್ವೆ ರಸೀದಿಗಳೂ ಬೇಕು ಎಂದು ವಕೀಲರು ಆಮೇಲೆ ಹೇಳಿದರು. ಈ ಸಲ ಅಳಿಯನಿಗೆ ಮೊದಲೇ ಕೆಲವು ಮಾತು ಹೇಳಿಟ್ಟೆ. ಬಿಳಿ ಬಟ್ಟೆ ಬೇಡ, ಕಪ್ಪು ಕೊಡೆಯ ಬಟ್ಟೆಯಾದರೂ ಹಾಸು. ರಸೀದಿಯ ತಲೆ ನಿನ್ನಿಂದ ಆಚೆಗಿರಲಿ, ಬುಡ ನಿನ್ನ ಹೊಟ್ಟೆಯ ಕಡೆಗಿರಲಿ, ಪಕ್ಕದಲ್ಲಿ ನಿಲ್ಲಬೇಡ. ಮೊದಲನೆಯದನ್ನು ತೆಗೆದ ಕೂಡಲೇ ನೋಡು, ಅಡ್ಡ ಬಂದಿದ್ದರೆ ಫೋನನ್ನು ಒಮ್ಮೆ ನೆಟ್ಟಗೆ ಎತ್ತಿ ಹಿಡಿದು ಮತ್ತೆ ಮಲಗಿಸು. ಪಿಡಿಎಫ್ ಮಾಡುವ ಮೊದಲು ಆ್ಯಪ್‌ನಲ್ಲೇ ತಿರುಗಿಸಿ, ಮೂಲೆ ಸರಿಮಾಡಿ, ಕ್ರಮ ನೋಡಿ ಆಮೇಲೆ ಉಳಿಸು. ಮತ್ತೆ, ಮೇಜಿನ ಮೇಲೆ ಬೇರೇನೂ ಇರಬಾರದು.

ರಸೀದಿಗಳು ನೆಟ್ಟಗೆ ಬಂದವು. ವರ್ಷದ ಕ್ರಮ ಮಾತ್ರ ಹಿಂದುಮುಂದಾಗಿತ್ತು. ಅಂಕಿ ಇಂಗ್ಲಿಷಿನದೇ ಆಗಿದ್ದರಿಂದ ಅದನ್ನು ಅವನೇ ಎಳೆದು ಸರಿಮಾಡಿದ.